ಉತ್ತರ ಕೊಡದ ಮಗು, ನಾಯಿ, ಗಿಡಕ್ಕೆ ‘ಏನಪ್ಪಾ’ ಅನ್ನುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತು ತಡವಾಗಿರುವ ಮಕ್ಕಳ ಜೊತೆ ಹಾಸನದಲ್ಲಿ ಕೆಲಸ ಮಾಡುತ್ತೇನೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಬರುವ ಅಪ್ಪ ಅಮ್ಮಂದಿರು, ಅದಕ್ಕಿಂತ ಜಾಸ್ತಿ ಅಜ್ಜಿಯಂದಿರು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಶುರು ಮಗುವಿನಿಂದ. ಆದರೆ ಮಗುವಿನ ಮಾತು ಎತ್ತಿದರೆ ಮನೆಯ ನಾಯಿ, ಕೊಟ್ಟಿಗೆಯ ಹಸು, ಅಂಗಳದ ಗಿಡ ಎಲ್ಲವೂ ಬಂದೇ ಬರುತ್ತವೆ.

ಮೂರು ತಿಂಗಳ ಮಗುವಿಗೆ ಒಂದು ಮಾತೂ ಅರ್ಥ ಆಗಲ್ಲ. ಆದರೂ ನೋಡಿದ ತಕ್ಷಣ ‘ಏನವ್ವಾ, ಎದ್ದ್ಯಾ?’ ಅಂತೀವಿ. ಯಾಕೆ?

ನಾವು ಮಗುವಿಗೆ ಸುದ್ದಿ ಹೇಳುತ್ತಿಲ್ಲ. ಅದರ ಸರದಿ ತೆರೆಯುತ್ತಿದ್ದೇವೆ.

ನಮ್ಮ ಕಡೆ ಒಬ್ಬರನ್ನು ಒಬ್ಬರು ಮಾತಾಡಿಸುವ ರೀತಿ ಗಮನಿಸಿ. ಬಹಳ ಸಲ ಅದು ಪ್ರಶ್ನೆಯೇ. ‘ಊಟ ಆಯ್ತಾ?’, ‘ಏನ್ ಸಮಾಚಾರ?’, ‘ಎಲ್ಲಿಗೆ ಹೊರಟ್ರಿ?’ ಪ್ರಶ್ನೆ ಕೇಳಿದ ಮೇಲೆ ಕೇಳಿದವರು ಸುಮ್ಮನಾಗಬೇಕು, ಎದುರಿಗಿರುವವರು ಏನಾದರೂ ಅನ್ನಬೇಕು. ಮಗುವಿನ ಹತ್ತಿರವೂ ನಾವು ಮಾಡುವುದು ಇದನ್ನೇ. ಕೇಳುತ್ತೇವೆ, ಆಮೇಲೆ ತಡೆಯುತ್ತೇವೆ. ಆ ತಡೆದ ಹೊತ್ತಿನಲ್ಲಿ ಮಗು ಏನು ಮಾಡಿದರೂ ಅದನ್ನು ಉತ್ತರ ಅಂತ ತೆಗೆದುಕೊಳ್ಳುತ್ತೇವೆ. ಏನೂ ಮಾಡದಿದ್ದರೆ ನಾವೇ ಅದರ ಪರವಾಗಿ ಉತ್ತರ ಹೇಳುತ್ತೇವೆ.

ಈ ಅಭ್ಯಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಬಿಡುವು. ಮಗು, ನಾಯಿ, ಗಿಡ ಮೂವರಿಗೂ ನಾವು ಬಿಡುವು ಕೊಡುತ್ತೇವೆ. ಅದರಲ್ಲಿ ನಡೆಯುವುದು ಮಾತ್ರ ಬೇರೆ ಬೇರೆ. ಕೆಳಗಿನ ಉತ್ತರಗಳೆಲ್ಲ ಅದರ ಬಗ್ಗೆಯೇ.

ಬಿಡುವು ಅಂದರೆ ಎಷ್ಟು ಹೊತ್ತು? ಅದು ನಿಜವಾಗಿ ನಡೆಯುವುದು ಹೇಗೆ?

ದೊಡ್ಡವರ ನಡುವೆ ಬಿಡುವು ತುಂಬಾ ಚಿಕ್ಕದು. ಜಗತ್ತಿನ ಬೇರೆ ಬೇರೆ ಕಡೆಯ 10 ಭಾಷೆಗಳಲ್ಲಿ ಜನ ಪ್ರಶ್ನೆಗೆ ಎಷ್ಟು ಬೇಗ ಉತ್ತರ ಕೊಡುತ್ತಾರೆ ಅಂತ 2009ರಲ್ಲಿ ಅಳೆದು ನೋಡಿದರು. ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲು, ಅದರ ಆಸುಪಾಸು ಬಂತು. ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ನಾವು ಕಾಯುತ್ತೇವೆ.

ಮಗುವಿನ ಹತ್ತಿರ ಹಾಗಲ್ಲ. ಆಗಷ್ಟೇ ಹುಟ್ಟಿದ ಮಕ್ಕಳ ಜೊತೆ ಜರ್ಮನಿಯ ತಾಯಂದಿರು ಮಾತಾಡಿದ್ದನ್ನು 1984ರಲ್ಲಿ ಅಧ್ಯಯನ ಮಾಡಿದಾಗ, ದೊಡ್ಡವರ ಜೊತೆ ಆಡುವುದಕ್ಕಿಂತ ವಾಕ್ಯಗಳು ಚಿಕ್ಕದಾಗಿ, ನಡುವಿನ ಬಿಡುವು ಉದ್ದವಾಗಿ ಕಂಡಿತು. ಯಾರೂ ಹೇಳಿಕೊಟ್ಟಿದ್ದಲ್ಲ ಇದು.

ಸಕಲೇಶಪುರದ ಹತ್ತಿರದ ಒಂದು ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಮೂರೂವರೆ ತಿಂಗಳ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು.

‘ಏನವ್ವಾ, ಎದ್ದ್ಯಾ?’ ಅಜ್ಜಿ ಕೈ ನಿಲ್ಲಿಸಿದರು. ಮಗು ಅವರ ಮುಖ ನೋಡಿತು.

‘ಹೂಂ, ಎದ್ದೆ ಅಂತಾಳೆ. ನಿದ್ದೆ ಆಯ್ತಾ?’ ಮಗು ಆಕಳಿಸಿತು.

‘ಓ, ಇನ್ನೂ ಆಗಿಲ್ವಾ! ರಾತ್ರಿಯೆಲ್ಲ ಅಮ್ಮನ್ನ ಮಲಗಕ್ಕೆ ಬಿಡಲಿಲ್ವಂತೆ?’ ಮಗು ಎರಡೂ ಕಾಲು ಒದರಿತು.

‘ನಾನಲ್ಲ ಕಣಜ್ಜಿ ಅಂತಾಳೆ. ಹಂಗಾರೆ ಯಾರು ಅತ್ತಿದ್ದು?’ ಸ್ವಲ್ಪ ಹೊತ್ತು ಏನೂ ಇಲ್ಲ. ಅಜ್ಜಿ ಹುಬ್ಬು ಏರಿಸಿಕೊಂಡು ಹಾಗೇ ನೋಡುತ್ತಿದ್ದರು. ಆಮೇಲೆ ಮಗು ‘ಊಂ’ ಅಂತು.

‘ಬೆಕ್ಕಾ? ಬೆಕ್ಕು ಅತ್ತಿತ್ತಾ?’ ಮಗು ನಕ್ಕಿತು.

ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟರಲ್ಲಿ ಮಗುವಿಗೆ ಐದು ಸರದಿ ಸಿಕ್ಕಿತು. ನೋಟ, ಆಕಳಿಕೆ, ಕಾಲು ಒದರಿದ್ದು, ‘ಊಂ’, ನಗು. ಐದೂ ಒಂದೇ ಬೆಲೆಯ ಉತ್ತರಗಳಾದವು. ‘ಯಾರು ಅತ್ತಿದ್ದು’ ಅಂದ ಮೇಲೆ ಅಜ್ಜಿ ಕಾದ ರೀತಿಯನ್ನು ವಿಶೇಷವಾಗಿ ಗಮನಿಸಿ. ಮುಂದಿನ ಮಾತು ಅವರ ಬಾಯಲ್ಲಿ ತಯಾರಾಗೇ ಇತ್ತು. ಆದರೂ ಬಿಟ್ಟುಕೊಟ್ಟರು. ನನ್ನ ಹತ್ತಿರ ಬರುವ ಎಷ್ಟೋ ಅಪ್ಪ ಅಮ್ಮಂದಿರು ಮಗುವಿನ ಜೊತೆ ಬೇಕಾದಷ್ಟು ಮಾತಾಡುತ್ತಾರೆ. ಅವರಿಗೆ ಕಷ್ಟ ಆಗುವುದು ಈ ಕಾಯುವ ಕೆಲಸವೇ.

ಆಕಳಿಕೆ, ತೇಗು ಎಲ್ಲವನ್ನೂ ಉತ್ತರ ಅಂದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗಲ್ವಾ?

ಸುಳ್ಳಲ್ಲ. ಮಗು ಇನ್ನೂ ತಲುಪದ ಜಾಗಕ್ಕೆ ನಾವು ಮೊದಲೇ ಹೋಗಿ ನಿಂತಿರುತ್ತೇವೆ.

ಕ್ಯಾಥರೀನ್ ಸ್ನೋ ಎಂಬ ವಿದ್ವಾಂಸೆ ಇಂಗ್ಲೆಂಡಿನ ಇಬ್ಬರು ತಾಯಂದಿರು ತಮ್ಮ ಮಕ್ಕಳ ಜೊತೆ ಆಡಿದ ಮಾತನ್ನು, ಮಕ್ಕಳಿಗೆ ಮೂರು ತಿಂಗಳಾದಾಗಿನಿಂದ ಒಂದೂವರೆ ವರ್ಷದ ತನಕ, ಆಗಾಗ ಮುದ್ರಿಸಿಕೊಂಡು 1977ರಲ್ಲಿ ಬರೆದರು. ಮೂರು ತಿಂಗಳಲ್ಲಿ ತೇಗು, ಸೀನು, ಆಕಳಿಕೆ, ನಗು ಎಲ್ಲಕ್ಕೂ ತಾಯಂದಿರು ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಏಳು ತಿಂಗಳ ಹೊತ್ತಿಗೆ ತೇಗಿಗೆ ಬೆಲೆ ಕಡಿಮೆಯಾಯಿತು. ‘ಬಾ ಬಾ’ದಂಥ ಒಳ್ಳೆಯ ಸದ್ದು ಬಂದರೆ ಹೆಚ್ಚು ಉತ್ತರ. ವರ್ಷ ತುಂಬುವ ಹೊತ್ತಿಗೆ ಆ ಸದ್ದಿನೊಳಗೆ ಒಂದು ಪದ ಇದೆಯಾ ಅಂತ ಹುಡುಕುತ್ತಿದ್ದರು.

ಅಂದರೆ ಉತ್ತರ ಯಾವುದು ಅನ್ನುವ ಗೆರೆ ಮಗುವಿನ ಜೊತೆಗೇ ಮೇಲಕ್ಕೆ ಹೋಗುತ್ತದೆ. ಇಬ್ಬರೇ ತಾಯಂದಿರ ಮೇಲೆ ಮಾಡಿದ ಚಿಕ್ಕ ಅಧ್ಯಯನ ಅದು. ಆದರೆ ನಾನು ಮನೆಮನೆಯಲ್ಲಿ ನೋಡುವುದೂ ಅದನ್ನೇ. ಮೂರು ತಿಂಗಳ ಮಗು ಸೀನಿದರೆ ‘ಓ, ಶೀತ ಆಯ್ತಾ ನನ್ನ ರಾಜಂಗೆ?’ ಅಂತಾರೆ. ಒಂದು ವರ್ಷದ ಮಗು ಸೀನಿದರೆ ಮೂಗು ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ನಾವು ಕಾಯುತ್ತಿದ್ದೇವೆ ಅಂತ ಮಗುವಿಗೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಬಹಳ ಬೇಗ ಗೊತ್ತಾಗುತ್ತದೆ.

ಅಮೆರಿಕದ ಎಡ್ವರ್ಡ್ ಟ್ರೋನಿಕ್ ಮತ್ತು ಅವರ ಜೊತೆಯವರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ತಾಯಿ ಮೊದಲು ಎಂದಿನಂತೆ ಮಗುವನ್ನು ಮಾತಾಡಿಸುತ್ತಾಳೆ. ಆಮೇಲೆ ಕೆಲವು ನಿಮಿಷ ಅದರ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ನಗುವುದಿಲ್ಲ, ಮಾತಿಲ್ಲ, ಮುಖದಲ್ಲಿ ಏನೂ ಇಲ್ಲ. ಮಗು ಮೊದಲು ನಕ್ಕು ನೋಡುತ್ತದೆ. ಸದ್ದು ಮಾಡುತ್ತದೆ, ಕೈ ಚಾಚುತ್ತದೆ. ಯಾವುದಕ್ಕೂ ಉತ್ತರ ಬರದಿದ್ದಾಗ ಮುಖ ತಿರುಗಿಸುತ್ತದೆ, ಬಾಡುತ್ತದೆ, ಕೆಲವು ಮಕ್ಕಳು ಅಳುತ್ತವೆ. ತಾಯಿ ಎದ್ದು ಹೋಗಿಲ್ಲ, ಎದುರಿಗೇ ಇದ್ದಾಳೆ. ಸರದಿ ನಿಂತುಹೋಯಿತು ಅನ್ನುವುದೇ ಮಗುವಿನ ಸಂಕಟ. ಇದನ್ನು ದಯವಿಟ್ಟು ಮನೆಯಲ್ಲಿ ಮಾಡಿ ನೋಡಬೇಡಿ. ಮಗುವಿಗೆ ಅದು ಆಟವಲ್ಲ.

ಇನ್ನೊಂದು ಪ್ರಯೋಗ ನನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಮೈಕೆಲ್ ಗೋಲ್ಡ್‌ಸ್ಟೀನ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ್ದು. ಸುಮಾರು ಎಂಟು ತಿಂಗಳ ಮಕ್ಕಳ ತಾಯಂದಿರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮಗು ಸದ್ದು ಮಾಡಿದ ತಕ್ಷಣ ನಗಬೇಕು, ಹತ್ತಿರ ಬರಬೇಕು, ಮುಟ್ಟಬೇಕು. ಇನ್ನೊಂದು ಗುಂಪೂ ಅಷ್ಟೇ ಸಲ ನಗುತ್ತದೆ, ಮುಟ್ಟುತ್ತದೆ. ಆದರೆ ಮಗುವಿನ ಸದ್ದಿಗೂ ಅದಕ್ಕೂ ಹೊಂದಿಕೆ ಇರುವುದಿಲ್ಲ. ಪ್ರೀತಿ ಎರಡೂ ಕಡೆ ಒಂದೇ ಅಳತೆ. ಆದರೂ ಮೊದಲ ಗುಂಪಿನ ಮಕ್ಕಳ ಸದ್ದು ಅಲ್ಲೇ ಸುಧಾರಿಸಿತು. ಮಾತಿಗೆ ಹತ್ತಿರದ, ವ್ಯಂಜನ ಸ್ವರ ಸೇರಿದ ಸದ್ದುಗಳು ಜಾಸ್ತಿಯಾದವು. ಮಗುವಿನ ಸದ್ದಿಗೆ ತಕ್ಕ ಹೊತ್ತಿಗೆ ಉತ್ತರ ಬರಬೇಕು. ಹೊತ್ತು ತಪ್ಪಿ ಬಂದ ಮುದ್ದು, ಮಗುವಿನ ಮಾತಿಗೆ ಅಷ್ಟು ನೆರವಾಗಲಿಲ್ಲ.

ಮಗು, ನಾಯಿಮರಿ ಕಂಡರೆ ನಮ್ಮ ಧ್ವನಿ ತಾನಾಗಿ ಸಣ್ಣಗೆ, ರಾಗವಾಗಿ ಆಗುತ್ತದೆ. ಎರಡೂ ಒಂದೇನಾ?

ಅರ್ಧ ಒಂದೇ, ಅರ್ಧ ಬೇರೆ. ಆ ಬೇರೆಯಾದ ಅರ್ಧ ನನಗೆ ತುಂಬಾ ಇಷ್ಟ.

ಆಸ್ಟ್ರೇಲಿಯಾದ ಡೆನಿಸ್ ಬರ್ನ್‌ಹ್ಯಾಮ್ ಮತ್ತು ಜೊತೆಯವರು 2002ರಲ್ಲಿ ತಾಯಂದಿರ ಮಾತನ್ನು ಮೂರು ಕಡೆ ಮುದ್ರಿಸಿಕೊಂಡರು. ಮಗುವಿನ ಜೊತೆ, ಸಾಕಿದ ನಾಯಿ ಬೆಕ್ಕಿನ ಜೊತೆ, ದೊಡ್ಡವರ ಜೊತೆ. ಮಗುವಿಗೂ ಸಾಕುಪ್ರಾಣಿಗೂ ಧ್ವನಿ ಏರಿತ್ತು, ಅಕ್ಕರೆ ತುಂಬಿತ್ತು. ಆದರೆ ಆ, ಈ, ಊ ಸ್ವರಗಳನ್ನು ಬಿಡಿಸಿ, ಎಳೆದು, ಒಂದು ಇನ್ನೊಂದರ ಜೊತೆ ಕಲೆಯದ ಹಾಗೆ ಹೇಳಿದ್ದು ಮಗುವಿಗೆ ಮಾತ್ರ. ನಾಯಿ ಬೆಕ್ಕಿಗೆ ಅಕ್ಕರೆ ಸಾಕು, ಮಗುವಿಗೆ ಪಾಠವೂ ಬೇಕು. ತಾಯಂದಿರಿಗೆ ಇದು ಗೊತ್ತೇ ಇರಲಿಲ್ಲ. ನಾಲಿಗೆಗೆ ಗೊತ್ತಿತ್ತು.

ಗಿಳಿಗೆ ಹೇಗೆ ಮಾತಾಡುತ್ತಾರೆ ಅಂತಲೂ ಅದೇ ಗುಂಪಿನವರು ಆಮೇಲೆ ನೋಡಿದರು. ಗಿಳಿ ಮಾತು ಕಲಿಯುವ ಹಕ್ಕಿ. ಅದರ ಮುಂದೆ ಜನರ ಸ್ವರಗಳು ನಾಯಿಯ ಮುಂದೆ ಇರುವುದಕ್ಕಿಂತ ಬಿಡಿಸಿಕೊಂಡವು. ತಿರುಗಿ ಮಾತು ಬರುವ ಸಾಧ್ಯತೆ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ನಮ್ಮ ಬಾಯಿ ಹೊಂದಿಕೊಳ್ಳುತ್ತದೆ ಅಂತ ಇದರಿಂದ ನಾನು ಅರ್ಥ ಮಾಡಿಕೊಂಡಿದ್ದೇನೆ.

ಅಂದಹಾಗೆ, ಮಗುವಿನ ಜೊತೆ ರಾಗವಾಗಿ ಆಡಿದರೆ ಅದರ ಮಾತು ಕೆಡುತ್ತದೆ ಅನ್ನುವವರು ಇನ್ನೂ ಇದ್ದಾರೆ. ಕೆಡುವುದಿಲ್ಲ. ನಾಲ್ಕು ತಿಂಗಳ ಮಕ್ಕಳು ದೊಡ್ಡವರ ಮಾಮೂಲಿ ಮಾತಿಗಿಂತ ಈ ರಾಗದ ಮಾತನ್ನೇ ಕೇಳಲು ಬಯಸುತ್ತವೆ ಅಂತ 1985ರಲ್ಲೇ ಆನ್ ಫರ್ನಾಲ್ಡ್ ತೋರಿಸಿದ್ದಾರೆ. ರಾಗ ಇರಲಿ. ಪದಗಳನ್ನು ಮಾತ್ರ ಸರಿಯಾಗಿ ಹೇಳಿ. ‘ತೂಸು’ ಬೇಡ, ಕೂಸು ಅನ್ನಿ.

ನಾಯಿಗೆ, ಬೆಕ್ಕಿಗೆ ಮಾತಾಡಿಸಿದ್ದು ತಿಳಿಯುತ್ತಾ?

ತಮ್ಮನ್ನೇ ಮಾತಾಡಿಸುತ್ತಿದ್ದಾರೆ ಅಂತ ತಿಳಿಯುತ್ತದೆ.

2017ರ ಒಂದು ಅಧ್ಯಯನದಲ್ಲಿ ನಾಯಿಗಳ ಫೋಟೊ ತೋರಿಸಿ ಹೆಂಗಸರನ್ನು ಮಾತಾಡಿಸಲು ಹೇಳಿದರು. ಮರಿಯಾಗಲಿ, ಮುದಿ ನಾಯಿಯಾಗಲಿ, ಎಲ್ಲದಕ್ಕೂ ಧ್ವನಿ ಏರಿತು. ಮರಿಗೆ ಇನ್ನಷ್ಟು ಏರಿತು. ಆ ಮುದ್ರಣವನ್ನು ಕೇಳಿಸಿದಾಗ ಮರಿಗಳು ಚೆನ್ನಾಗಿ ಗಮನ ಕೊಟ್ಟವು. ದೊಡ್ಡ ನಾಯಿಗಳಿಗೆ ಅದೂ ಒಂದೇ, ಮಾಮೂಲಿ ಮಾತೂ ಒಂದೇ. ಆದರೆ ಅಲ್ಲಿ ಸ್ಪೀಕರ್ ಮಾತ್ರ ಇತ್ತು, ಮನುಷ್ಯರಿರಲಿಲ್ಲ. ಮುಂದಿನ ವರ್ಷ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಎದುರಿಗೆ ಮನುಷ್ಯರನ್ನು ಕೂರಿಸಿ ನೋಡಿದರು. ದೊಡ್ಡ ನಾಯಿಗಳೂ ಮುದ್ದಿನ ಧ್ವನಿಯವರ ಹತ್ತಿರ ಜಾಸ್ತಿ ಹೊತ್ತು ಕಳೆದವು. ಅದಕ್ಕೆ ಧ್ವನಿ ಒಂದೇ ಸಾಲಲಿಲ್ಲ. ‘ವಾಕ್ ಹೋಗೋಣ್ವಾ’ ಅನ್ನುವಂಥ, ನಾಯಿಗೆ ಸಂಬಂಧಿಸಿದ ಮಾತೂ ಇರಬೇಕಿತ್ತು.

ಬೆಕ್ಕಿನ ಲೆಕ್ಕ ಬೇರೆ. ಫ್ರಾನ್ಸಿನಲ್ಲಿ 16 ಮನೆ ಬೆಕ್ಕುಗಳ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರು ತಮ್ಮ ಜೊತೆ ಆಡುವ ಧ್ವನಿಗೂ ಬೇರೆ ಮನುಷ್ಯರ ಜೊತೆ ಆಡುವ ಧ್ವನಿಗೂ ಇರುವ ವ್ಯತ್ಯಾಸ ಬೆಕ್ಕುಗಳಿಗೆ ತಿಳಿಯಿತು. ಕಿವಿ ತಿರುಗಿಸಿದವು, ಕಣ್ಣಿನ ಪಾಪೆ ಹಿಗ್ಗಿತು, ಮಾಡುತ್ತಿದ್ದ ಕೆಲಸ ನಿಲ್ಲಿಸಿದವು. ಅಪರಿಚಿತರು ಅದೇ ರಾಗದಲ್ಲಿ ಕರೆದರೆ ಏನೂ ಇಲ್ಲ. ನಿಮ್ಮ ಮನೆ ಬೆಕ್ಕು ನೆಂಟರ ಮುಂದೆ ಕಿವುಡಾಗುವುದು ಸುಳ್ಳಲ್ಲ.

ಹಾಲು ಕರೆಯುವಾಗ ಅತ್ತೆ ‘ನಿಂತ್ಕೊಳೇ ಗೌರಿ, ಏನಾಯ್ತೇ’ ಅಂತ ಮಾತಾಡಿಸ್ತಾರೆ. ಹಾಲು ಜಾಸ್ತಿ ಬರುತ್ತಾ?

ನಮ್ಮ ಜಿಲ್ಲೆಯಲ್ಲಿ ಡೈರಿಗೆ ಹಾಲು ಹಾಕುವ ಮನೆ ಎಷ್ಟಿವೆ ಅಂದರೆ ಈ ಪ್ರಶ್ನೆ ಬರದೇ ಇರುವುದಿಲ್ಲ.

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ 516 ಡೈರಿ ರೈತರನ್ನು ಕೇಳಿ ಒಂದು ವರದಿ ಬರೆದರು. ಹಸುಗಳನ್ನು ಹೆಸರು ಹಿಡಿದು ಕರೆಯುವ ಕೊಟ್ಟಿಗೆಗಳಲ್ಲಿ, ಕರೆಯದ ಕೊಟ್ಟಿಗೆಗಳಿಗಿಂತ ಒಂದು ಸೂಲಿಗೆ 258 ಲೀಟರ್ ಹಾಲು ಜಾಸ್ತಿ ಇತ್ತು. ಇದನ್ನು ಓದಿ ‘ಹೆಸರಿಟ್ಟರೆ ಹಾಲು ಬರುತ್ತದೆ’ ಅಂದುಕೊಳ್ಳಬಾರದು. ಹೆಸರಿಡುವವರು ಬಹುಶಃ ಬೇರೆ ರೀತಿಯಲ್ಲೂ ಹಸುವಿನ ಹತ್ತಿರ ಇರುತ್ತಾರೆ. ಮೈ ಸವರುತ್ತಾರೆ, ಹೊಡೆಯುವುದಿಲ್ಲ, ಕಾಯಿಲೆ ಬಂದರೆ ಬೇಗ ನೋಡುತ್ತಾರೆ.

ಆದರೆ ಇದರ ಹಿಂದೆ ದೇಹದ ಒಂದು ಕಾರಣವೂ ಇದೆ. ಹಸು ಹಾಲು ಇಳಿಸಬೇಕಾದರೆ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಕೆಚ್ಚಲಿಗೆ ತಲುಪಬೇಕು. ಹೆದರಿದ ಹಸುವಿನಲ್ಲಿ ಅಡ್ರಿನಾಲಿನ್ ಏರಿ ಇದಕ್ಕೆ ಅಡ್ಡ ಬರುತ್ತದೆ. ಕೆಚ್ಚಲು ತುಂಬಿದ್ದರೂ ಹಾಲು ಇಳಿಯುವುದಿಲ್ಲ. ದಿನಾ ಕೇಳುವ ಧ್ವನಿ ಹತ್ತಿರ ಬಂದರೆ ಹಸುವಿಗೆ ಯಾರು ಬಂದರು ಅಂತ ಗೊತ್ತಾಗುತ್ತದೆ, ಬೆಚ್ಚುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದು ಕೆಚ್ಚಲಿಗೆ ಕೈ ಹಾಕಿದರೆ ಏನಾಗುತ್ತದೆ ಅಂತ ನಿಮ್ಮ ಅತ್ತೆಗೆ ಗೊತ್ತು. ಅದಕ್ಕೇ ಮಾತಾಡಿಸಿಕೊಂಡು ಹೋಗುತ್ತಾರೆ.

ಗಿಡ ನೋಡುವುದೂ ಇಲ್ಲ, ಆಕಳಿಸುವುದೂ ಇಲ್ಲ. ಅದನ್ನು ಮಾತಾಡಿಸಿ ಏನು ಪ್ರಯೋಜನ?

ಮೊದಲು ಒಂದು ತಪ್ಪು ತಿಳಿವಳಿಕೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸಿಕ್ಕಿ ಗಿಡ ಚೆನ್ನಾಗಿ ಬೆಳೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾವು ಬಿಡುವ ಉಸಿರಿನಲ್ಲಿ ಅದು ಶೇಕಡಾ 4ರಷ್ಟು ಇರುತ್ತದೆ, ಹೊರಗಿನ ಗಾಳಿಯಲ್ಲಿ ಶೇಕಡಾ 0.04 ಇರುತ್ತದೆ. ಇಷ್ಟರ ತನಕ ನಿಜ. ಆದರೆ ಅಂಗಳದಲ್ಲಿ ನಿಂತು ಎರಡು ಮಾತಾಡಿದರೆ ಅದು ಕ್ಷಣದಲ್ಲಿ ಚದುರಿ ಹೋಗುತ್ತದೆ. ಗಿಡಕ್ಕೆ ಲೆಕ್ಕಕ್ಕೆ ಬರುವಷ್ಟು ಸಿಗುವುದಿಲ್ಲ.

ಗಿಡ ಯಾವ ಸದ್ದಿಗೂ ಸ್ಪಂದಿಸುವುದಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಚಾರ್ಲ್ಸ್ ಡಾರ್ವಿನ್ ಮಗನಿಗೆ ಬಸೂನ್ ಎಂಬ ಊದುವ ವಾದ್ಯ ಕೊಟ್ಟು ಗಿಡಗಳ ಮುಂದೆ ನುಡಿಸಲು ಹೇಳಿದ್ದರು. ಏನೂ ಆಗಲಿಲ್ಲ. ಆದರೆ ಜಗದೀಶ್ ಚಂದ್ರ ಬೋಸರು ಮುಟ್ಟಿದರೆ ಮುನಿಯಂಥ ಗಿಡಗಳ ಮೇಲೆ ಕೆಲಸ ಮಾಡಿ, ಗಿಡದೊಳಗೂ ವಿದ್ಯುತ್ ಸಂಕೇತ ಹರಿಯುತ್ತದೆ ಅಂತ ತೋರಿಸಿದರು. ಅಮೆರಿಕದ ಮಿಸೌರಿಯಲ್ಲಿ 2014ರಲ್ಲಿ, ಕಂಬಳಿಹುಳು ಎಲೆ ಕಚ್ಚುವಾಗ ಆಗುವ ಕಂಪನವನ್ನು ಮುದ್ರಿಸಿ ಸಾಸಿವೆ ಜಾತಿಯ ಒಂದು ಗಿಡಕ್ಕೆ ಕೊಟ್ಟರು. ಆಮೇಲೆ ನಿಜವಾದ ಹುಳ ಬಿಟ್ಟಾಗ ಆ ಗಿಡ ಹುಳಕ್ಕೆ ಹಿಡಿಸದ ಖಾರದ ರಾಸಾಯನಿಕವನ್ನು ಜಾಸ್ತಿ ಮಾಡಿಕೊಂಡಿತು. ಗಾಳಿಯ ಕಂಪನ ಕೊಟ್ಟಾಗ ಹಾಗೆ ಮಾಡಲಿಲ್ಲ. ಹಾಗಾದರೆ ಗಿಡಕ್ಕೆ ತನಗೆ ಬೇಕಾದ ಕಂಪನ ತಿಳಿಯುತ್ತದೆ. ‘ಏನೇ ತಾಯಿ, ಚೆನ್ನಾಗಿದ್ದೀಯಾ’ ಅನ್ನುವುದು ಅದರಲ್ಲಿ ಸೇರುವುದಿಲ್ಲ.

ಆದರೂ ಬಿಡುವಿನಲ್ಲಿ ಏನೋ ನಡೆಯುತ್ತದೆ. ಮೂಡಿಗೆರೆ ಕಡೆಯ ಒಬ್ಬರು ಅಕ್ಕ ಬೆಳಿಗ್ಗೆ ಎದ್ದು ಆಂಥೂರಿಯಂ ಕುಂಡಗಳು, ದಾಸವಾಳ, ತುಳಸಿ ಎಲ್ಲವನ್ನೂ ಮಾತಾಡಿಸಿಕೊಂಡು ಬರುತ್ತಾರೆ. ‘ಯಾಕೆ ಸಪ್ಪಗಿದ್ದೀಯಾ?’ ಅಂತ ದಾಸವಾಳಕ್ಕೆ ಕೇಳಿದ ಮೇಲೆ ಅವರೂ ತಡೆಯುತ್ತಾರೆ. ಗಿಡ ಹೇಳುವುದಿಲ್ಲ ಅಂತ ಗೊತ್ತು. ಅದಕ್ಕೇ ಎಲೆ ತಿರುಗಿಸುತ್ತಾರೆ. ಕಾಂಡದ ಮೇಲೆ ಇರುವೆ ಸಾಲು ಕಾಣುತ್ತದೆ. ಸಾಲು ಹಿಡಿದು ನೋಡಿದರೆ ಚಿಗುರಿನ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಹಿಟ್ಟು ತಿಗಣೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬಂದಿರುತ್ತದೆ. ಆ ಹೊತ್ತಿಗೆ ಒಂದೆರಡು ಚಿಗುರು ಕಿತ್ತು ದೂರ ಎಸೆದರೆ ಸಾಕು. ವಾರ ಬಿಟ್ಟು ನೋಡಿದರೆ ಗಿಡವೆಲ್ಲ ಹರಡಿರುತ್ತದೆ.

ಕಾಫಿ ತೋಟದಲ್ಲಿ ಹಳೆಯ ಕೆಲಸಗಾರರೂ ಗಿಡವನ್ನು ಹೀಗೆ ವಿಚಾರಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇದ್ದರೆ ತುಕ್ಕು ರೋಗ. ಅರೇಬಿಕಾದ ಕಾಂಡದ ಮೇಲೆ ಉಬ್ಬಿದ ಗೆರೆ ಇದ್ದು ಎಲೆ ಹಳದಿಯಾಗಿದ್ದರೆ ಕಾಂಡಕೊರಕ. ಗಿಡದ ಉತ್ತರವನ್ನು ಕಣ್ಣಿನಿಂದ ಓದಬೇಕು. ಮಾತಾಡಿಸುವ ಅಭ್ಯಾಸ ಇರುವವರು ನಿಂತು ಓದುತ್ತಾರೆ, ಸುಮ್ನೆ ನೀರು ಹಾಕಿ ಹೋಗುವವರು ಓದುವುದಿಲ್ಲ.

ಮಕ್ಕಳೆಲ್ಲ ಬೆಂಗಳೂರಲ್ಲಿದ್ದಾರೆ. ಅಮ್ಮ ಒಬ್ಬರೇ ನಾಯಿ, ಗಿಡದ ಜೊತೆ ಮಾತಾಡಿಕೊಂಡಿರುತ್ತಾರೆ. ಚಿಂತೆ ಮಾಡಬೇಕಾ?

ಮಾತಾಡುವುದರ ಬಗ್ಗೆ ಚಿಂತೆ ಬೇಡ. ಒಂಟಿತನದ ಬಗ್ಗೆ ಯೋಚಿಸಿ.

ನಿಕೋಲಸ್ ಎಪ್ಲಿ ಮತ್ತು ಜೊತೆಯವರು 2008ರಲ್ಲಿ ತೋರಿಸಿದ್ದು ಇದು. ಒಂಟಿ ಅನಿಸಿದ ಜನ ತಮ್ಮ ಸಾಕುಪ್ರಾಣಿಗೆ ‘ನನ್ನ ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ’ ಅನ್ನುವಂಥ, ಸಂಬಂಧಕ್ಕೆ ಬೇಕಾದ ಗುಣಗಳನ್ನು ಜಾಸ್ತಿ ಕಾಣುತ್ತಾರೆ. ತಿರುಗಿ ಉತ್ತರಿಸುವ ಮನುಷ್ಯರು ಕಡಿಮೆಯಾದಾಗ, ಇರುವವರಲ್ಲೇ ನಾವು ಉತ್ತರ ಹುಡುಕುತ್ತೇವೆ.

ಅಮ್ಮ ನಾಯಿಯ ಜೊತೆ ಮಾತಾಡುತ್ತಾ ಪಕ್ಕದ ಮನೆಯವರನ್ನೂ ಮಾತಾಡಿಸುತ್ತಿದ್ದಾರೆ, ಸಂತೆಗೆ ಹೋಗುತ್ತಿದ್ದಾರೆ ಅಂದರೆ ಎಲ್ಲ ಸರಿಯಾಗಿದೆ. ಮನುಷ್ಯರನ್ನು ಮಾತಾಡಿಸುವುದು ಕಡಿಮೆಯಾಗಿ, ಊಟ ನಿದ್ದೆ ತಪ್ಪಿದ್ದರೆ ಅದು ಬೇರೆ. ಆಗ ಹೋಗಿ ನಾಲ್ಕು ದಿನ ಜೊತೆಯಲ್ಲಿರಿ, ಡಾಕ್ಟರಿಗೂ ತೋರಿಸಿ. ನಾಯಿ ಏನೋ ಹೇಳಿತು ಅಂತ ಅವರು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದರೂ ಡಾಕ್ಟರಿಗೆ ತೋರಿಸಬೇಕು.

ಮಕ್ಕಳನ್ನು ಹೀಗೆ ಮಾತಾಡಿಸದ ಜನರೂ ಇದ್ದಾರಾ?

ಇದ್ದಾರೆ. ಪಪುವಾ ನ್ಯೂಗಿನಿಯ ಕಾಡಿನ ಕಲುಲಿ ಜನರ ನಡುವೆ 1970ರ ದಶಕದಲ್ಲಿ ಬಾಂಬಿ ಶೀಫಲಿನ್ ಇದ್ದು ಅಧ್ಯಯನ ಮಾಡಿದರು. ಎಳೆ ಮಗುವಿಗೆ ತಿಳಿವಳಿಕೆ ಇಲ್ಲ ಅಂತ ಕಲುಲಿಗಳ ನಂಬಿಕೆ. ತಾಯಿ ಮಗುವಿನ ಮುಖ ನೋಡಿಕೊಂಡು ಮಾತಾಡುತ್ತಾ ಕೂರುವುದಿಲ್ಲ. ಮಗುವನ್ನು ಹೊರಮುಖವಾಗಿ ಎತ್ತಿಕೊಂಡು, ತಾನೇ ಎತ್ತರದ ಧ್ವನಿಯಲ್ಲಿ ಮಗುವಿನ ಪರವಾಗಿ ಬೇರೆಯವರ ಜೊತೆ ಮಾತಾಡುತ್ತಾಳೆ. ಅಲ್ಲಿನ ಮಕ್ಕಳೂ ಮಾತು ಕಲಿಯುತ್ತಾರೆ. ಹಾಗಾಗಿ ನಮ್ಮ ಅಜ್ಜಿಯ ದಾರಿ ಒಂದೇ ದಾರಿ ಅನ್ನಲಾಗದು. ಆದರೆ ಅಷ್ಟೊಂದು ಕಡಿಮೆ ಮಾತಾಡುವ ಆ ತಾಯಂದಿರೂ ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವರೂ ಸರದಿಯನ್ನು ತುಂಬುತ್ತಿದ್ದರು, ಬೇರೆ ದಿಕ್ಕಿನಿಂದ.

ಅಜ್ಜಿ ದೂರದಲ್ಲಿದ್ದಾರೆ. ವಿಡಿಯೋ ಕಾಲ್ ಆಗುತ್ತಾ? ಮಕ್ಕಳ ಹಾಡಿನ ವಿಡಿಯೋ?

ಕಾಲ್ ಆಗುತ್ತದೆ. ಹಾಡಿನ ವಿಡಿಯೋ ಆ ಕೆಲಸ ಮಾಡುವುದಿಲ್ಲ.

ಪೆಟ್ರೀಶಿಯಾ ಕೂಲ್ ಮತ್ತು ಜೊತೆಯವರು 2003ರಲ್ಲಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆಯ ಸದ್ದು ಕೇಳಿಸಿದರು. ಎದುರಿಗೆ ಕೂತ ಮನುಷ್ಯರಿಂದ ಮಕ್ಕಳು ಕಲಿತವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಟಿವಿ ಕಾಯುವುದಿಲ್ಲ ಅಲ್ವಾ. 2014ರಲ್ಲಿ ಸ್ವಲ್ಪ ದೊಡ್ಡ, ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮೇಲೆ ನೋಡಿದಾಗ ವಿಡಿಯೋ ಕಾಲ್‌ನಲ್ಲಿ ಹೊಸ ಪದ ಕಲಿತರು, ಮುದ್ರಿಸಿದ ವಿಡಿಯೋದಲ್ಲಿ ಕಲಿಯಲಿಲ್ಲ. ಕಾಲ್‌ನ ಆ ಕಡೆಯವರು ಮಗುವಿಗೆ ತಕ್ಕಂತೆ ಉತ್ತರ ಕೊಡುತ್ತಿದ್ದರು.

ಘಟ್ಟದ ಕಡೆ ನೆಟ್‌ವರ್ಕ್ ತಡವಾದರೆ ಸರದಿ ತಪ್ಪುತ್ತದೆ. ಅಂಥ ಹೊತ್ತಲ್ಲಿ ಮಗುವನ್ನು ಎತ್ತಿಕೊಂಡಿರುವವರು ನಡುವೆ ಮಾತು ತುಂಬಿ. ‘ಅಜ್ಜಿ ಏನೋ ಕೇಳ್ತಿದ್ದಾರೆ ನೋಡು’ ಅನ್ನಿ.

ನಾವು ಎಷ್ಟು ಮಾತಾಡಿಸಿದರೂ ಮಗು ಉತ್ತರವೇ ಕೊಡುವುದಿಲ್ಲ. ಯಾವಾಗ ತೋರಿಸಬೇಕು?

ಸಾಮಾನ್ಯವಾಗಿ ಎರಡು ತಿಂಗಳ ಹೊತ್ತಿಗೆ ಮಗು ಮುಖ ನೋಡಿ ನಗುತ್ತದೆ. ಆರೇಳು ತಿಂಗಳಿನಿಂದ ‘ಬಾ ಬಾ’, ‘ದಾ ದಾ’ ಶುರುವಾಗುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದರೆ ತಿರುಗುತ್ತದೆ. ಒಂದೆರಡು ವಾರ ಆಚೆ ಈಚೆ ಆದರೆ ಗಾಬರಿ ಬೇಡ. ತಿಂಗಳುಗಟ್ಟಲೆ ತಡವಾದರೆ, ಅಥವಾ ಮಾಡುತ್ತಿದ್ದದ್ದನ್ನು ಮಗು ನಿಲ್ಲಿಸಿದರೆ, ತಡಮಾಡದೆ ತೋರಿಸಿ.

ಇಲ್ಲಿ ಬಹಳ ಮನೆಗಳು ಮೋಸಹೋಗುವ ಒಂದು ವಿಷಯ ಇದೆ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ‘ಊಂ, ಆಂ’ ಅನ್ನುತ್ತದೆ, ನಗುತ್ತದೆ. ಅಜ್ಜಿಯ ಮುಖ ನೋಡಿ ಸರದಿಯನ್ನೂ ತೆಗೆದುಕೊಳ್ಳುತ್ತದೆ. ಅದರಿಂದ ಕಿವಿ ಸರಿಯಿದೆ ಅಂದುಕೊಳ್ಳುತ್ತೇವೆ. ವ್ಯತ್ಯಾಸ ಕಾಣುವುದು ‘ಬಾ ಬಾ’ ಬರಬೇಕಾದ ಹೊತ್ತಿನಲ್ಲಿ. ಅದು ಬಹಳ ತಡವಾಗುತ್ತದೆ. ಪಾತ್ರೆ ಬಡಿದು ನೋಡುವುದು ಪರೀಕ್ಷೆಯಲ್ಲ. ನೆಲದ ಅದುರುವಿಕೆಗೋ ನಿಮ್ಮ ಕೈಯ ನೆರಳಿಗೋ ಮಗು ತಿರುಗಬಹುದು.

ಸರಿಯಾದ ಕ್ರಮ ಇದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಮೊದಲ ತಪಾಸಣೆ. ಅದರಲ್ಲಿ ಸಂಶಯ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ. ತೊಂದರೆ ಖಚಿತವಾದರೆ ಆರು ತಿಂಗಳೊಳಗೆ ಚಿಕಿತ್ಸೆ, ಸಾಧನ, ತರಬೇತಿ ಶುರು. ಮೊದಲ ತಪಾಸಣೆಗೆ ಕಿವಿಯಲ್ಲಿ ಚಿಕ್ಕ ಮೆತ್ತನೆಯ ತುದಿ ಇಟ್ಟು ನೋಡುತ್ತಾರೆ. ಮಗು ಮಲಗಿರುವಾಗಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಆಗಿದೆಯಾ ಅಂತ ಕಾಗದ ನೋಡಿ. ಆಗಿಲ್ಲದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ. ಪೂರ್ತಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರದ್ದು.

ಕಿವಿ ಕೇಳುವುದಿಲ್ಲ ಅಂತ ಗೊತ್ತಾಯಿತು. ಇನ್ನು ಮಗುವನ್ನು ಮಾತಾಡಿಸಿ ಏನು ಮಾಡುವುದು?

ನಿಲ್ಲಿಸಲೇಬೇಡಿ. ತಪಾಸಣೆಯ ಫಲಿತಾಂಶ ಬಂದ ದಿನದಿಂದ ಮನೆಯವರೆಲ್ಲ ಮೌನವಾಗುವುದನ್ನು ನೋಡಿದ್ದೇನೆ. ಅದು ಮಗುವಿಗೆ ಕಿವಿಗಿಂತ ದೊಡ್ಡ ನಷ್ಟ.

ಸರದಿಗೆ ಸದ್ದೇ ಬೇಕು ಅಂತೇನಿಲ್ಲ. ಜಪಾನಿನ ನೊಬುವೊ ಮಸಾತಕ 1992ರಲ್ಲಿ, ಕಿವಿ ಕೇಳದ ತಾಯಂದಿರು ಕಿವಿ ಕೇಳದ ತಮ್ಮ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಹೇಗೆ ಮಾತಾಡುತ್ತಾರೆ ಅಂತ ನೋಡಿದರು. ಕೈಗಳು ನಿಧಾನವಾಗಿದ್ದವು. ಸನ್ನೆ ದೊಡ್ಡದಾಗಿತ್ತು, ಮತ್ತೆ ಮತ್ತೆ ಬರುತ್ತಿತ್ತು. ನಮ್ಮ ಅಜ್ಜಿಯ ರಾಗದ ಮಾತಿನದೇ ಕೈಯ ರೂಪ ಅದು. ಕೆನಡಾದಲ್ಲಿ 1991ರಲ್ಲಿ, ಸನ್ನೆ ಭಾಷೆಯ ಮನೆಯಲ್ಲಿ ಬೆಳೆದ ಕಿವಿ ಕೇಳದ ಮಕ್ಕಳು ಕೈಯಲ್ಲೇ ‘ಬಾ ಬಾ’ ಮಾಡುವುದನ್ನು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ಗುರುತಿಸಿದರು. ಅರ್ಥವಿಲ್ಲದ, ಆದರೆ ಸನ್ನೆಯ ಅಚ್ಚಿನ ಕೈ ಚಲನೆಗಳು.

ಮನೆಯಲ್ಲಿ ಹೀಗೆ ಮಾಡಿ. ಮಗುವಿನ ಮುಖದ ಮುಂದೆ, ಒಂದು ಮೊಳದ ದೂರದಲ್ಲಿ ಬನ್ನಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಹಿಂದಿನಿಂದ ಬರುವುದಾದರೆ ಮೊದಲು ಕಾಲನ್ನೋ ಭುಜವನ್ನೋ ಮೆಲ್ಲಗೆ ಮುಟ್ಟಿ. ಬಾಯಿಯಲ್ಲೂ ಹೇಳಿ, ಕೈಯಲ್ಲೂ ತೋರಿಸಿ. ಊಟಕ್ಕೆ ಒಂದೇ ಸನ್ನೆ, ಹಾಲಿಗೆ ಒಂದೇ ಸನ್ನೆ, ಮನೆಯವರೆಲ್ಲ ಅದನ್ನೇ ಬಳಸಲಿ. ಆಮೇಲೆ ಕೈ ಇಳಿಸಿ, ಹುಬ್ಬು ಏರಿಸಿ ಕಾಯಿರಿ. ಶ್ರವಣ ಸಾಧನ ಸಿಕ್ಕ ಮೇಲೂ ಮೊದಲ ವಾರಗಳಲ್ಲಿ ಈ ಕಾಯುವ ಹೊತ್ತು ಉದ್ದವೇ ಇರಲಿ. ಹೊಸದಾಗಿ ಕೇಳಿಸುತ್ತಿರುವ ಮಗುವಿಗೆ ಒಂದು ಮಾತು ಮುಗಿದು ತನ್ನ ಸರದಿ ಬಂತು ಅಂತ ತಿಳಿಯಲು ಹೊತ್ತು ಹಿಡಿಯುತ್ತದೆ.